ಪದವಲ್ಲ, ಅಕ್ಷರ ಎಣಿಸಿ: ಕನ್ನಡ ವಿಡಿಯೊ ಒಂದು ನಿಮಿಷವೋ, ಮೂರೋ, ಎಂಟೋ?

ನಿಮಿಷಕ್ಕೆ 150 ಪದ ಎಂಬ ಲೆಕ್ಕ ಇಂಗ್ಲಿಷಿನದು. ಅದನ್ನೇ ಹಿಡಿದು ಒಂದು ನಿಮಿಷದ ಕನ್ನಡ ವಿಡಿಯೊಗೆ 150 ಪದ ಬರೆದರೆ ಓದಿ ಮುಗಿಸಲು ಆಗುವುದಿಲ್ಲ. ಕನ್ನಡದ ಬರಹದಲ್ಲಿ ಒಂದು ಪದಕ್ಕೆ ಸುಮಾರು ನಾಲ್ಕು ಅಕ್ಷರ ಬೀಳುತ್ತದೆ. ಹಾಗಾಗಿ 150 ಪದ ಎಂದರೆ 600 ಅಕ್ಷರ, ಸೆಕೆಂಡಿಗೆ ಹತ್ತು. ಆ ವೇಗದಲ್ಲಿ ಮಾತಾಡಿದರೆ ಪದಗಳು ಒಂದರ ಮೇಲೊಂದು ಬಿದ್ದು ಕೇಳುವವರಿಗೆ ಏನೂ ಸಿಗುವುದಿಲ್ಲ. ವಿವರಣೆಯ ಮಾತು ಸಾಮಾನ್ಯವಾಗಿ ಸೆಕೆಂಡಿಗೆ 5ರಿಂದ 7 ಅಕ್ಷರದೊಳಗೆ ನಡೆಯುತ್ತದೆ. ನಿಧಾನವಾಗಿ ಕೈ ಹಿಡಿದು ಕಲಿಸುವಂತೆ ಹೇಳಿದರೆ 5, ಸಹಜವಾಗಿ ವಿವರಿಸಿದರೆ 6, ಸುದ್ದಿ ಓದುವ ಚುರುಕಿನಲ್ಲಿ 7. ಇವು ಕೆಲಸ ಶುರುಮಾಡಲು ಇಟ್ಟುಕೊಳ್ಳುವ ಅಂಕಿಗಳು, ನಿಮ್ಮ ಅಂಕಿಯನ್ನು ನೀವೇ ಅಳೆದುಕೊಳ್ಳಬೇಕು.

ಪದದ ಲೆಕ್ಕ ಕನ್ನಡದಲ್ಲಿ ಏಕೆ ಕೈಕೊಡುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ನೋಡಬಹುದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ವಿಡಿಯೊ ಮಾಡುತ್ತಿದ್ದೀರಿ ಎಂದುಕೊಳ್ಳಿ. ಕೈಪಿಡಿಯ ಭಾಷೆಯಲ್ಲಿ ವಾಕ್ಯ ಹೀಗಿರುತ್ತದೆ:

"ಮೈಲುತುತ್ತದ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಚೆನ್ನಾಗಿ ಕಲಕುತ್ತಿರಬೇಕು."

ಅದೇ ಮಾತನ್ನು ತೋಟದಲ್ಲಿ ನಿಂತು ಹೇಳುವಾಗ:

"ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ತಾ ಕೋಲಲ್ಲಿ ಕಲಕ್ತಾ ಇರ್ಬೇಕು."

ಎರಡರಲ್ಲೂ ಪದ ಒಂಬತ್ತೇ. ಆದರೆ ಮೊದಲನೆಯದರಲ್ಲಿ 40 ಅಕ್ಷರ, ಎರಡನೆಯದರಲ್ಲಿ 29. ಸೆಕೆಂಡಿಗೆ 6 ಅಕ್ಷರದಂತೆ ಓದಿದರೆ ಮೊದಲನೆಯದಕ್ಕೆ 6.7 ಸೆಕೆಂಡು ಬೇಕು, ಎರಡನೆಯದಕ್ಕೆ 4.8 ಸಾಕು. ಒಂದು ವಾಕ್ಯಕ್ಕೇ ಹೆಚ್ಚುಕಡಿಮೆ ಎರಡು ಸೆಕೆಂಡಿನ ವ್ಯತ್ಯಾಸ, ಅದನ್ನು ಪದದ ಎಣಿಕೆ ಕಾಣಲಾರದು. ವಿಭಕ್ತಿ, ಕ್ರಿಯಾಪದದ ಬಾಲ, ಸಂಧಿ ಎಲ್ಲವನ್ನೂ ಒಂದೇ ಪದಕ್ಕೆ ಪೋಣಿಸುವುದು ನಮ್ಮ ಭಾಷೆಯ ರೀತಿ. 'ಹೋಗಬೇಕಾಗಿರುವುದರಿಂದ' ಎಂಬ ಒಂದು ಪದದಲ್ಲಿ ಹತ್ತು ಅಕ್ಷರಗಳಿವೆ. ಬಾಯಲ್ಲಿ ಅದು 'ಹೋಗ್ಬೇಕಾಗಿರೋದ್ರಿಂದ' ಆದರೆ ಏಳಕ್ಕೆ ಇಳಿಯುತ್ತದೆ.

ಆದ್ದರಿಂದ ಮೊದಲ ನಿಯಮ ಇದು: ಕ್ಯಾಮೆರಾ ಮುಂದೆ ಯಾವ ರೂಪದಲ್ಲಿ ಹೇಳುತ್ತೀರೋ ಅದೇ ರೂಪದಲ್ಲಿ ಸ್ಕ್ರಿಪ್ಟ್ ಬರೆದು ಎಣಿಸಿ. ಗ್ರಾಂಥಿಕದಲ್ಲಿ ಬರೆದು ಆಡುಮಾತಿನಲ್ಲಿ ಹೇಳಿದರೆ ಸಮಯ ಉಳಿದು ಕೊನೆಯಲ್ಲಿ ಏನೇನೋ ಸೇರಿಸಬೇಕಾಗುತ್ತದೆ. ಆಡುಮಾತಿನ ಲೆಕ್ಕ ಹಾಕಿ ಗ್ರಾಂಥಿಕದಲ್ಲಿ ಓದಿದರೆ ಕೊನೆಯ ಎರಡು ಹಂತ ಕತ್ತರಿಗೆ ಹೋಗುತ್ತದೆ. ಕರಾವಳಿಯವರು ಪದದ ಕೊನೆಯ ಸ್ವರವನ್ನು ಹೆಚ್ಚಾಗಿ ಉಳಿಸಿಕೊಂಡು ಮಾತಾಡುತ್ತಾರೆ, ಮೈಸೂರು ಕಡೆಯವರು 'ಇರ್ಬೇಕು', 'ಸಾಲ್ದು' ಎಂದು ನಡುವಿನ ಸ್ವರ ನುಂಗುತ್ತಾರೆ, ಧಾರವಾಡದವರ ಮಾತಿಗೆ 'ರೀ' ಸೇರುತ್ತದೆ. ಒಂದೇ ಸ್ಕ್ರಿಪ್ಟು ಮೂವರ ಬಾಯಲ್ಲಿ ಮೂರು ಉದ್ದ ಆಗುತ್ತದೆ. ಹೇಳುವವರು ಯಾರೋ ಅವರ ಮಾತನ್ನೇ ಎಣಿಸಬೇಕು.

ಎಣಿಸುವುದು ಹೇಗೆ? ಒತ್ತಕ್ಷರ ಎಷ್ಟೇ ಇರಲಿ, ಒಂದು ಗುಂಪು ಒಂದು ಅಕ್ಷರ. ಅನುಸ್ವಾರವನ್ನು ಬೇರೆ ಎಣಿಸಬೇಡಿ. 'ಲೀಟರ್' ಪದದ ಕೊನೆಯ 'ರ್' ಕೂಡ ಲೆಕ್ಕಕ್ಕಿಲ್ಲ, ಅದು ಎರಡೇ ಅಕ್ಷರ. ವರ್ಡ್ ಅಥವಾ ಗೂಗಲ್ ಡಾಕ್ಸ್ ತೋರಿಸುವ ಕ್ಯಾರೆಕ್ಟರ್ ಸಂಖ್ಯೆಯನ್ನು ನಂಬಿ ಕೂರಬೇಡಿ. 'ಸುಣ್ಣ' ಎಂಬುದು ನಮಗೆ ಎರಡು ಅಕ್ಷರ, ಯೂನಿಕೋಡ್‌ಗೆ ಐದು: ಸ, ಉಕಾರದ ಚಿಹ್ನೆ, ಣ, ಅದಕ್ಕೆ ಸ್ವರವಿಲ್ಲ ಎಂದು ತೋರಿಸುವ ಹಲಂತ ಚಿಹ್ನೆ, ಮತ್ತೆ ಣ. ಆದರೆ ಇದೇ ರಚನೆಯಿಂದ ಒಂದು ಸುಲಭ ಸೂತ್ರ ಸಿಗುತ್ತದೆ. ಬಿಡಿಯಾಗಿ ಬರೆದ ಸ್ವರ ಮತ್ತು ವ್ಯಂಜನಗಳನ್ನೆಲ್ಲ ಎಣಿಸಿ, ಅದರಿಂದ ಹಲಂತ ಚಿಹ್ನೆಗಳ ಸಂಖ್ಯೆ ಕಳೆದರೆ ಬರುವುದೇ ಅಕ್ಷರಸಂಖ್ಯೆ. ಪೈಥಾನ್ ಇದ್ದವರಿಗೆ ನಾಲ್ಕೈದು ಸಾಲಿನ ಕೆಲಸ:

```python
import re
t = open("script.txt", encoding="utf-8").read()
a = len(re.findall("[\u0C85-\u0CB9]", t)) - t.count("\u0CCD")
w = len(t.split())
print(a, w, round(a / w, 1), round(a / 6))
```

ಬರುವ ನಾಲ್ಕು ಅಂಕಿಗಳು ಕ್ರಮವಾಗಿ ಅಕ್ಷರ, ಪದ, ಪದಕ್ಕೆ ಸರಾಸರಿ ಅಕ್ಷರ, ಮತ್ತು 6ರ ವೇಗದಲ್ಲಿ ಬೇಕಾಗುವ ಸೆಕೆಂಡು. ಇಲ್ಲಿ ಎರಡು ಕಡೆ ಎಡವುತ್ತಾರೆ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹವಾದರೆ ಅಕ್ಷರದ ಜಾಗದಲ್ಲಿ ಸೊನ್ನೆ ಬರುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇನ್ನೊಂದು, ಅಂಕಿಯಲ್ಲಿ ಬರೆದದ್ದು ಎಣಿಕೆಗೇ ಬರುವುದಿಲ್ಲ. 2024 ಎಂದು ನಾಲ್ಕು ಅಂಕಿ ಬರೆದಿರುತ್ತೀರಿ, ಬಾಯಲ್ಲಿ ಅದು 'ಎರಡು ಸಾವಿರದ ಇಪ್ಪತ್ನಾಲ್ಕು', ಹನ್ನೊಂದು ಅಕ್ಷರ, ಸುಮಾರು ಎರಡು ಸೆಕೆಂಡು. ಸ್ಕ್ರಿಪ್ಟಿನಲ್ಲಿ ಸಂಖ್ಯೆಗಳನ್ನೆಲ್ಲ ಅಕ್ಷರದಲ್ಲೇ ಬರೆಯಿರಿ. ಹತ್ತಂಕಿಯ ಫೋನ್ ನಂಬರನ್ನಂತೂ ಓದಲು ಹೋಗಬೇಡಿ, ಪರದೆಯ ಮೇಲೆ ಹಾಕಿ.

ಈಗ ನಿಮ್ಮ ವೇಗ. ಇನ್ನೂರು ಮುನ್ನೂರು ಅಕ್ಷರದ, ನಿಮ್ಮದೇ ವಿಷಯದ ತುಣುಕನ್ನು ಮೊಬೈಲಿನಲ್ಲಿ ಮೂರು ಸಲ ರೆಕಾರ್ಡ್ ಮಾಡಿ. ಮೊದಲ ಓದಿನಲ್ಲಿ ತಡವರಿಕೆ ಇರುತ್ತದೆ, ಮೂರನೆಯದರಲ್ಲಿ ಬಾಯಿಪಾಠದ ಓಟ ಬಂದುಬಿಡುತ್ತದೆ. ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಿರಿ. ಪ್ರತಿ ಪೂರ್ಣವಿರಾಮಕ್ಕೆ ಅರ್ಧ ಸೆಕೆಂಡು ಬಿಡುವು ಎಂದು ಒಟ್ಟು ಸಮಯದಿಂದ ಕಳೆಯಿರಿ, ಉಳಿದ ಸೆಕೆಂಡಿನಿಂದ ಅಕ್ಷರಗಳನ್ನು ಭಾಗಿಸಿ. 228 ಅಕ್ಷರ, 11 ವಾಕ್ಯದ ತುಣುಕು 44 ಸೆಕೆಂಡು ಹಿಡಿಯಿತೆನ್ನಿ. ಬಿಡುವಿನ ಐದೂವರೆ ಸೆಕೆಂಡು ಹೋದರೆ 38.5 ಉಳಿಯಿತು. 228 ಭಾಗ 38.5, ಅಂದರೆ 5.9. ಇದು ನಿಮ್ಮ ಅಂಕಿ.

ಈ 228 ಅಕ್ಷರದ ತುಣುಕು ಬರೀ ಉದಾಹರಣೆಯಲ್ಲ. ಬೋರ್ಡೋ ದ್ರಾವಣದ ಇಡೀ ಕೆಲಸವನ್ನು ಆಡುಮಾತಿನಲ್ಲಿ ಬರೆದರೆ ಬರುವ ಉದ್ದವೇ ಅದು:

"ಅಡಿಕೆ ಕೊಳೆರೋಗಕ್ಕೆ ನೂರು ಲೀಟರ್ ಬೋರ್ಡೋ ದ್ರಾವಣ ಮಾಡೋದು ಹೀಗೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನ ಪ್ಲಾಸ್ಟಿಕ್ ಡ್ರಮ್ಮಲ್ಲಿ ಐವತ್ತು ಲೀಟರ್ ನೀರಿಗೆ ಹಾಕಿ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ. ಇನ್ನೊಂದು ಡ್ರಮ್ಮಲ್ಲಿ ಐವತ್ತು ಲೀಟರ್ ನೀರಿಗೆ ಸುಣ್ಣ ಕದಡಿ ಸೋಸಿ. ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ತಾ ಕೋಲಲ್ಲಿ ಕಲಕ್ತಾ ಇರ್ಬೇಕು. ಈಗ ತುಕ್ಕಿಲ್ಲದ ಒಂದು ಕಬ್ಬಿಣದ ಚಾಕೂನ ಇದ್ರಲ್ಲಿ ಒಂದ್ನಿಮಿಷ ಅದ್ದಿ. ಚಾಕಿನ ಮೇಲೆ ಕೆಂಪು ಬಣ್ಣ ಕೂತ್ರೆ ಸುಣ್ಣ ಸಾಲ್ದು ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ನೋಡಿ. ಮಾಡಿದ ದಿನಾನೇ ಸಿಂಪಡಿಸಿ, ಮರುದಿನಕ್ಕೆ ಇಟ್ಕೋಬೇಡಿ. ಮಳೆ ಹಿಡಿಯೋ ಮೊದ್ಲು ಒಂದ್ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದ್ಸಲ."

ಪದ 82, ಅಕ್ಷರ 228. ಪದಕ್ಕೆ ಮೂರಕ್ಕಿಂತ ಕಡಿಮೆ ಅಕ್ಷರ. ಬರಹದ ಗದ್ಯದಲ್ಲಿ ನಾಲ್ಕಿರುವುದು ಆಡುಮಾತಿನಲ್ಲಿ ಮೂರರ ಆಸುಪಾಸಿಗೆ ಇಳಿಯುವುದರಿಂದ, ಪದದಲ್ಲೇ ಹೇಳಲೇಬೇಕೆಂದರೆ 6ರ ವೇಗಕ್ಕೆ ಬರಹದ ಶೈಲಿಯಲ್ಲಿ ನಿಮಿಷಕ್ಕೆ 90 ಪದ, ಆಡುಮಾತಿನಲ್ಲಿ 120 ಎಂದಿಟ್ಟುಕೊಳ್ಳಬಹುದು. ಟೆಲಿಪ್ರಾಂಪ್ಟರ್ ಆ್ಯಪ್‌ಗಳು ಪದದ ಲೆಕ್ಕದಲ್ಲೇ ವೇಗ ಕೇಳುವುದರಿಂದ ಅಲ್ಲಿ ಈ ಅಂಕಿ ಬೇಕಾಗುತ್ತದೆ.

ಇದೇ ವಿಷಯಕ್ಕೆ ಒಂದು ನಿಮಿಷ ಸಾಕೇ, ಮೂರು ಬೇಕೇ, ಎಂಟಕ್ಕೆ ಹೋಗಬೇಕೇ? ಈ ಮೂರು ಉದ್ದಗಳ ಹಿಂದೆ ವೇದಿಕೆಯ ನಿಯಮಗಳಿವೆ. ಯೂಟ್ಯೂಬ್ ಶಾರ್ಟ್ಸ್ ಮೊದಲು 60 ಸೆಕೆಂಡಿಗೆ ಸೀಮಿತವಾಗಿತ್ತು, 2024ರ ಅಕ್ಟೋಬರ್ 15ರಿಂದ ಮೂರು ನಿಮಿಷದವರೆಗೆ ಬಿಟ್ಟಿದ್ದಾರೆ. ಇನ್‌ಸ್ಟಾಗ್ರಾಮ್ ರೀಲ್ಸ್ ಕೂಡ 2025ರ ಜನವರಿಯಲ್ಲಿ 90 ಸೆಕೆಂಡಿನಿಂದ ಮೂರು ನಿಮಿಷಕ್ಕೆ ಏರಿತು. ಎಂಟು ನಿಮಿಷ ಎನ್ನುವುದು ಯೂಟ್ಯೂಬಿನಲ್ಲಿ ವಿಡಿಯೊ ನಡುವೆ ಜಾಹೀರಾತು ಹಾಕಲು ಬೇಕಾದ ಕನಿಷ್ಠ ಉದ್ದ. 2020ರ ಜುಲೈಗೆ ಮೊದಲು ಅದು ಹತ್ತು ನಿಮಿಷವಿತ್ತು.

ಒಂದು ನಿಮಿಷದಿಂದ ಶುರು ಮಾಡೋಣ. 228 ಅಕ್ಷರಕ್ಕೆ 6ರ ವೇಗದಲ್ಲಿ 38 ಸೆಕೆಂಡು, 11 ಪೂರ್ಣವಿರಾಮಕ್ಕೆ ಐದೂವರೆ, ಒಟ್ಟು ಸುಮಾರು 44. ಕೈಯಲ್ಲಿ 16 ಸೆಕೆಂಡು ಉಳಿಯಿತು. ಇದು ದಂಡವಲ್ಲ. ನೀಲಿ ನೀರು ಬಿಳಿ ಸುಣ್ಣಕ್ಕೆ ಬೀಳುವುದನ್ನು ಮಾತಿಲ್ಲದೆ ನಾಲ್ಕು ಸೆಕೆಂಡು ತೋರಿಸಬೇಕು, ಚಾಕುವನ್ನು ಅದ್ದುವ ಮೊದಲು ಮತ್ತು ತೆಗೆದ ಮೇಲೆ ಹತ್ತಿರದಿಂದ ತೋರಿಸಬೇಕು. ಒಂದು ನಿಮಿಷ ಅದ್ದಿಡುವುದನ್ನು ಪೂರ್ತಿ ತೋರಿಸಲು ಆಗುವುದಿಲ್ಲ, ಅಲ್ಲಿ ಕಟ್ ಮಾಡಿ. ಆದರೆ ಕೇಳುವವರು ತೋಟದಲ್ಲಿ ನಿಂತು ಮೊಬೈಲಿನ ಸ್ಪೀಕರಿನಲ್ಲಿ ಕೇಳುವ ಹಿರಿಯರಾದರೆ 6 ಜೋರಾಯಿತು, 5ಕ್ಕೆ ಇಳಿಸಬೇಕು. ಆಗ ಮಾತಿಗೆ 46, ಬಿಡುವಿಗೆ ಐದೂವರೆ, ಒಟ್ಟು 51. ದೃಶ್ಯಕ್ಕೆ ಉಳಿಯುವುದು ಒಂಬತ್ತೇ ಸೆಕೆಂಡು. ಬಿಗಿಯಾಯಿತು, ಆದರೆ ಸಾಗುತ್ತದೆ. ಅದೇ ಸ್ಕ್ರಿಪ್ಟನ್ನು ಕೈಪಿಡಿಯ ಭಾಷೆಯಲ್ಲಿ ಬರೆದು, ಮೇಲೆ ನೋಡಿದ ಒಂದು ವಾಕ್ಯದಂತೆ ಉಳಿದವೂ ಉದ್ದವಾದರೆ, 228 ಇದ್ದದ್ದು 315ರ ಹತ್ತಿರ ಹೋಗುತ್ತದೆ. 5ರ ವೇಗದಲ್ಲಿ ಮಾತಿಗೇ 63 ಸೆಕೆಂಡು. ಒಂದು ನಿಮಿಷ ಅಲ್ಲೇ ಮುಗಿಯಿತು.

ಒಂದು ನಿಮಿಷದ ವಿಡಿಯೊ ಯಾರಿಗೆ ಎಂಬುದು ಇದರಿಂದಲೇ ತಿಳಿಯುತ್ತದೆ. ಪ್ರತಿ ವರ್ಷ ಮದ್ದು ಹೊಡೆಯುವವರು, ಪ್ರಮಾಣ ಮರೆತವರು, ಚಾಕುವಿನ ಪರೀಕ್ಷೆ ಗೊತ್ತಿಲ್ಲದವರು ನೋಡಿ ಹೋಗಲು ಅದು ಸರಿಯಾದ ಉದ್ದ. ಅದರಲ್ಲಿ 'ಏನು' ಇದೆ, 'ಏಕೆ' ಇಲ್ಲ. ಹೊಸಬರಿಗೆ ಆ 'ಏಕೆ' ಇಲ್ಲದೆ ನಡೆಯುವುದಿಲ್ಲ.

ಮೂರು ನಿಮಿಷಕ್ಕೆ ಬೇರೆ ಲೆಕ್ಕ. ಮಾಡಿ ತೋರಿಸುವ ವಿಡಿಯೊದಲ್ಲಿ, ಪೂರ್ಣವಿರಾಮದ ಬಿಡುವೂ ಸೇರಿ, ಮೂರರಲ್ಲಿ ಒಂದು ಪಾಲು ಸಮಯವನ್ನು ಮೌನಕ್ಕೆ ಬಿಡಿ. 180 ಸೆಕೆಂಡಿನಲ್ಲಿ 120 ಮಾತಿಗೆ ಸಿಗುತ್ತದೆ. 5ರ ವೇಗಕ್ಕೆ 600 ಅಕ್ಷರ. ಮೇಲಿನ 228 ಹೋದರೆ ಸುಮಾರು 370 ಉಳಿಯಿತು. ಒಂದು ಕಾರಣವನ್ನು ಸರಿಯಾಗಿ ಹೇಳಲು 60ರಿಂದ 70 ಅಕ್ಷರ ಬೇಕು, ಹಾಗಾಗಿ ಐದು ಕಾರಣಗಳಿಗೆ ಜಾಗವಿದೆ. ಕಬ್ಬಿಣದ ಪಾತ್ರೆ ಏಕೆ ಬೇಡ: ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಅದರಲ್ಲಿನ ತಾಮ್ರ ಪಾತ್ರೆಯ ಮೈಗೆ ಹೋಗಿ ಕೂರುತ್ತದೆ. ಚಾಕು ಏಕೆ ಕೆಂಪಾಗುತ್ತದೆ: ಸುಣ್ಣ ಸಾಲದೆ ಉಳಿದ ಮೈಲುತುತ್ತ ಚಾಕುವಿನ ಮೇಲೂ ಅದನ್ನೇ ಮಾಡುತ್ತದೆ, ಅಂಥ ದ್ರಾವಣ ಗೊನೆಯನ್ನೂ ಎಲೆಯನ್ನೂ ಸುಡುತ್ತದೆ. ತೂಕ ಸರಿಯಿದ್ದರೂ ಸುಣ್ಣ ಏಕೆ ಸಾಲದೇ ಹೋಗುತ್ತದೆ: ಗಾಳಿಗೆ ತೆರೆದಿಟ್ಟ ಹಳೆಯ ಸುಣ್ಣ ಸತ್ವ ಕಳೆದುಕೊಂಡಿರುತ್ತದೆ. ಏಕೆ ಸೋಸಬೇಕು: ನಾಝಲ್ ಕಟ್ಟುತ್ತದೆ. ಅದೇ ದಿನ ಏಕೆ ಮುಗಿಸಬೇಕು: ಇಟ್ಟಷ್ಟೂ ದ್ರಾವಣದ ಕಣಗಳು ದಪ್ಪವಾಗಿ ತಳ ಕಟ್ಟುತ್ತವೆ, ಗೊನೆಗೆ ಅಂಟುವುದಿಲ್ಲ. ಐದಕ್ಕೆ ಐದೂ ಹಿಡಿಸಿದವು. ಮೊದಲ ಸಲ ಮಾಡುವವರಿಗೆ ನಮ್ಮ ಆಯ್ಕೆ ಈ ಉದ್ದವೇ, ಅನುಮಾನವಿಲ್ಲ.

ಎಂಟು ನಿಮಿಷ? 480 ಸೆಕೆಂಡಿನಲ್ಲಿ 320 ಮಾತಿಗೆ, 1600 ಅಕ್ಷರ. ತಯಾರಿಕೆಗೆ ಬೇಕಾದದ್ದು 600. ಉಳಿದ 1000 ಅಕ್ಷರಕ್ಕೆ ನಿಮ್ಮಲ್ಲಿ ಸಾಮಗ್ರಿ ಇದೆಯೇ ಎಂಬುದೇ ಪ್ರಶ್ನೆ. ಕೊಳೆರೋಗದ ಮೊದಲ ಲಕ್ಷಣ ಗುರುತಿಸುವುದು, ಗೊನೆಗೆ ಕೊಟ್ಟೆ ಕಟ್ಟುವುದನ್ನೋ ಪ್ಲಾಸ್ಟಿಕ್ ಹೊದಿಸುವುದನ್ನೋ ಸಿಂಪಡಣೆಯೊಂದಿಗೆ ಹೋಲಿಸುವುದು, ದೋಟಿಗೆ ಪೈಪ್ ಕಟ್ಟಿ ಕೆಳಗಿನಿಂದ ಹೊಡೆಯುವ ರೀತಿ, ಕೈಗವಸು ಕನ್ನಡಕದ ವಿಷಯ, ಇವನ್ನೆಲ್ಲ ಚಿತ್ರೀಕರಿಸಿದ್ದರೆ ಎಂಟು ನಿಮಿಷ ತಾನಾಗಿ ತುಂಬುತ್ತದೆ. ಇಲ್ಲದಿದ್ದರೆ 600 ಅಕ್ಷರದ ವಿಷಯವನ್ನು 1600ಕ್ಕೆ ಎಳೆಯಬೇಕಾಗುತ್ತದೆ. ಅಂಥ ವಿಡಿಯೊದಲ್ಲಿ ನಮಸ್ಕಾರ, ಸ್ವಾಗತ, ಚಂದಾದಾರರಾಗಿ ಎಂಬುದರಲ್ಲೇ ಮೊದಲ ನಿಮಿಷ ಹೋಗಿ, ಸುಣ್ಣದ ಪ್ರಮಾಣ ಐದನೇ ನಿಮಿಷದಲ್ಲಿ ಬರುತ್ತದೆ. ಡ್ರಮ್ಮಿನ ಮುಂದೆ ಮೈಲುತುತ್ತ ಹಿಡಿದು ನಿಂತವರನ್ನು ಹಾಗೆ ಕಾಯಿಸಬಾರದು. ಜಾಹೀರಾತಿನ ಗಡಿ ಮುಟ್ಟಲೆಂದು ಉದ್ದ ಮಾಡುವುದಕ್ಕಿಂತ ಮೂರು ನಿಮಿಷದ ಎರಡು ಬೇರೆ ಬೇರೆ ವಿಡಿಯೊ ಮಾಡುವುದು ಮೇಲು.

ಲೆಕ್ಕ ಸರಿಯಿದ್ದೂ ಸಮಯ ತಪ್ಪುವುದು ಹೆಚ್ಚಾಗಿ ಪ್ರಮಾಣ ಹೇಳುವ ವಾಕ್ಯಗಳಲ್ಲಿ. ಅಕ್ಷರಗಳೆಲ್ಲ ಒಂದೇ ಉದ್ದವಲ್ಲ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 'ಕರಗಿಸಿ' ನಾಲ್ಕೂ ಲಘು, ನಾಲ್ಕು ಮಾತ್ರೆ. 'ನೂರು ಲೀಟರ್ ನೀರು' ಆರೇ ಅಕ್ಷರ, ಆದರೆ ಹತ್ತು ಮಾತ್ರೆ. ಜೊತೆಗೆ, ಅಂಕಿ ಹೇಳುವಾಗ ಯಾರಾದರೂ ಸಹಜವಾಗಿ ನಿಧಾನಿಸುತ್ತಾರೆ. ಇಡೀ ಸ್ಕ್ರಿಪ್ಟಿಗೆ ಮಾತ್ರೆ ಹಾಕುವ ಅಗತ್ಯವಿಲ್ಲ, ಗುರು ಲಘು ಕಲಸಿ ಸರಾಸರಿ ಸರಿಹೋಗುತ್ತದೆ. ಆದರೆ ಅಳತೆಯ ವಾಕ್ಯಗಳನ್ನು 4ರ ವೇಗದಲ್ಲಿ ಎಣಿಸಿ, ಪ್ರತಿಯೊಂದರ ನಂತರ ಅರ್ಧದ ಬದಲು ಒಂದು ಸೆಕೆಂಡು ಬಿಡಿ.

ಉದ್ದ ಮೀರಿದಾಗ ಎಡಿಟಿಂಗಿನಲ್ಲಿ ವೇಗ 1.25ಕ್ಕೆ ಏರಿಸಿ ಹಿಡಿಸುವುದು ಎಲ್ಲರೂ ಮಾಡುವ ತಪ್ಪು. 6ರ ಮಾತು ಏಳೂವರೆ ಆಗುತ್ತದೆ. ಕನ್ನಡದಲ್ಲಿ ಮೊದಲು ಹಾಳಾಗುವುದು ಒತ್ತು ಮತ್ತು ದೀರ್ಘ. 'ಹಳ್ಳಿ'ಗೂ 'ಹಳಿ'ಗೂ, 'ಹಾಲು'ಗೂ 'ಹಲ್ಲು'ಗೂ ಇರುವ ಅಂತರ ಕಾಲದ ಅಳತೆಯಲ್ಲೇ ನಿಂತಿದೆ. ಆ ಕಾಲವನ್ನೇ ಒತ್ತರಿಸಿದರೆ ಕಿವಿ ಅಂದಾಜಿನ ಮೇಲೆ ನಡೆಯಬೇಕಾಗುತ್ತದೆ. ಅದರ ಬದಲು ಸ್ಕ್ರಿಪ್ಟಿಗೆ ವಾಪಸು ಹೋಗಿ ಉದ್ದದ ಕ್ರಿಯಾಪದಗಳನ್ನು ಹುಡುಕಿ. 'ಕಲಕುತ್ತಿರಬೇಕು' ಏಳು ಅಕ್ಷರ, 'ಕಲಕಿ' ಮೂರು. ಇಂಥ ಹತ್ತು ಕಡೆ ಸಿಕ್ಕಿದರೆ 40 ಅಕ್ಷರ ಉಳಿಯಿತು, ಏಳು ಸೆಕೆಂಡು. ಒಂದು ಹಂತವನ್ನೂ ಬಿಡಬೇಕಾಗಲಿಲ್ಲ.

ಧ್ವನಿ ಮುದ್ರಿಸುವಾಗಲೇ ತಪ್ಪು ಗೊತ್ತಾಗುತ್ತದೆ. ವಾಕ್ಯದ ನಡುವೆ, ಅದರಲ್ಲೂ ಪದದ ನಡುವೆ ಉಸಿರು ಎಳೆದುಕೊಂಡರೆ ವಾಕ್ಯ ಉದ್ದವಾಯಿತು ಎಂದರ್ಥ. 30 ಅಕ್ಷರ ದಾಟಿದ ವಾಕ್ಯವನ್ನು ಎರಡಾಗಿ ಒಡೆಯಿರಿ. ವಾಕ್ಯದ ಕೊನೆಯ 'ಬೇಕು', 'ಬಾರದು' ಕ್ಷೀಣವಾಗಿ ಕೇಳಿದರೆ ವೇಗ ಹೆಚ್ಚಾಗಿದೆ. ಕನ್ನಡದಲ್ಲಿ ಮಾಡಬೇಕೋ ಮಾಡಬಾರದೋ ಎಂಬುದು ಆ ಕೊನೆಯ ಎರಡು ಮೂರು ಅಕ್ಷರದಲ್ಲೇ ಇರುವುದರಿಂದ ಇದನ್ನು ಹಾಗೇ ಬಿಡುವಂತಿಲ್ಲ, ಮತ್ತೆ ಹೇಳಿಸಿ.

ವಿಡಿಯೊ ಹಾಕಿ ಒಂದೆರಡು ವಾರದ ಮೇಲೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರೇಕ್ಷಕರ ಉಳಿಕೆಯ ಗೆರೆ ನೋಡಿ. ಗೆರೆ ಒಂದೇ ಕಡೆ ಮೇಲಕ್ಕೆ ಉಬ್ಬಿದ್ದರೆ ಜನ ಅಲ್ಲಿಗೆ ಹಿಂದೆ ಬಂದು ಮತ್ತೆ ಕೇಳಿದ್ದಾರೆ. ಉಬ್ಬು 'ಐವತ್ತು ಲೀಟರ್' ಎಂಬಲ್ಲಿ ಇದ್ದರೆ ಆ ವಾಕ್ಯ ಓಡಿಹೋಗಿದೆ, ಮುಂದಿನ ಸಲ ಅಲ್ಲಿ ಎರಡು ಸೆಕೆಂಡು ಸುಮ್ಮನಿದ್ದು ಅಳತೆಯನ್ನು ಪರದೆಯ ಮೇಲೆ ದೊಡ್ಡದಾಗಿ ಬರೆಯಿರಿ. ಉಬ್ಬು ಚಾಕುವಿನ ದೃಶ್ಯದಲ್ಲಿದ್ದರೆ ಮಾತಿನ ವೇಗದ ದೋಷವಲ್ಲ, ಕೆಂಪು ಬಣ್ಣ ಕಣ್ಣಿಗೆ ಸರಿಯಾಗಿ ಕಂಡಿಲ್ಲ. ಆಗ ಅಕ್ಷರ ಮುಟ್ಟಬೇಡಿ, ಆ ಶಾಟನ್ನು ಹಗಲು ಬೆಳಕಿನಲ್ಲಿ ಇನ್ನೊಮ್ಮೆ ತೆಗೆದು ಮೂರು ಸೆಕೆಂಡು ಹೆಚ್ಚು ಕೊಡಿ.